ಹೈಡ್ರೋಜನ್–ಬ್ರೋಮೀನ್ ಸರಪಳಿ ಕ್ರಿಯೆ: ವೇಗ ನಿಯಮದಲ್ಲಿ ಅರ್ಧ ಘಾತ ಬಂದುದು ಹೇಗೆ?

ಭಂಡಾರಕವಠೆಯಲ್ಲಿ ಕನ್ನಡ ಮಾಧ್ಯಮದ ವಿಜ್ಞಾನ ಶಿಕ್ಷಕರೊಡನೆ ಕ್ರಿಯಾವೇಗದ ಪಾಠವನ್ನು ಚರ್ಚಿಸುತ್ತಿದ್ದಾಗ ಅಕ್ಕಲಕೋಟ ಕಡೆಯ ಶಿಕ್ಷಕರೊಬ್ಬರು ಒಂದು ಪ್ರಶ್ನೆಯನ್ನು ಎತ್ತಿದರು. ಅವರ ಶಾಲೆಯಿಂದ ಹತ್ತನೆಯ ತರಗತಿ ಮುಗಿಸಿ ಕಿರಿಯ ಮಹಾವಿದ್ಯಾಲಯಕ್ಕೆ ಹೋದ ವಿದ್ಯಾರ್ಥಿನಿಯೊಬ್ಬಳು ರಜೆಯಲ್ಲಿ ಬಂದು ಅವರನ್ನು ಕೇಳಿದ್ದ ಪ್ರಶ್ನೆಯದು. “ಸರ್, ಸಮೀಕರಣದಾಗ ಬ್ರೋಮೀನಿಂದು ಒಂದ ಅಣು ಐತಿ. ವೇಗದ ಸೂತ್ರದಾಗ ಅದಕ್ಕ ಅರ್ಧ ಘಾತ ಹ್ಯಾಂಗ ಬಂತರಿ? ಅರ್ಧ ಅಣು ಎಲ್ಲಿಂದ ಬರತದ?” ಎಂದು ಅವರು ಕೇಳಿದರು. ಪ್ರಶ್ನೆ ನೇರವಾದುದು, ಉತ್ತರವನ್ನು ಒಂದು ವಾಕ್ಯದಲ್ಲಿ ಮುಗಿಸಲಾಗದು. ಅಂದು ಕಪ್ಪುಹಲಗೆಯ ಮೇಲೆ ಬಿಡಿಸಿದ ಉತ್ತರವನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆದಿದೆ.

ಮೊದಲು ಪದಗಳ ಮಾತು. ನಮ್ಮ ಗಡಿಭಾಗದ ಮಕ್ಕಳು ಮರಾಠಿಯಲ್ಲಿ ‘ಅಭಿಕ್ರಿಯಾ’ ಎಂಬ ಶಬ್ದವನ್ನು ಕೇಳಿರುತ್ತಾರೆ. ಕನ್ನಡದಲ್ಲಿ ನಾವು ‘ರಾಸಾಯನಿಕ ಕ್ರಿಯೆ’ ಎನ್ನುತ್ತೇವೆ. ಮರಾಠಿಯ ‘ಸಾಖಳಿ’ ನಮ್ಮ ‘ಸರಪಳಿ’ಯೇ. ಈ ಲೇಖನದಲ್ಲಿ ‘ಸಾರತೆ’ ಎಂದಾಗಲೆಲ್ಲ ಪ್ರತಿ ಲೀಟರಿನಲ್ಲಿರುವ ಮೋಲ್‌ಗಳ ಸಂಖ್ಯೆ ಎಂದು ತಿಳಿಯಬೇಕು. ಚೌಕ ಆವರಣದಲ್ಲಿ ಬರೆದ ಸೂತ್ರ, ಉದಾಹರಣೆಗೆ [Br₂], ಆ ಪದಾರ್ಥದ ಸಾರತೆಯನ್ನು ಸೂಚಿಸುತ್ತದೆ.

ಸಮತೋಲಿತ ಸಮೀಕರಣವನ್ನು ನೋಡಿ:

H₂ + Br₂ → 2HBr

ಇದು ಲೆಕ್ಕಪತ್ರವಿದ್ದಂತೆ. ಎಷ್ಟು ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಎಂಬುದನ್ನಷ್ಟೇ ಅದು ಹೇಳುತ್ತದೆ; ವ್ಯವಹಾರ ಯಾವ ಕೈಯಿಂದ ಯಾವ ಕೈಗೆ ಹೇಗೆ ಸಾಗಿತು ಎಂಬುದನ್ನು ಹೇಳುವುದಿಲ್ಲ. ಒಂದು ಹೈಡ್ರೋಜನ್ ಅಣುವೂ ಒಂದು ಬ್ರೋಮೀನ್ ಅಣುವೂ ಡಿಕ್ಕಿಹೊಡೆದು ಎರಡು ಹೈಡ್ರೋಜನ್ ಬ್ರೋಮೈಡ್ ಅಣುಗಳಾಗುತ್ತವೆ ಎಂದು ನಾವು ಊಹಿಸಿಕೊಂಡರೆ ವೇಗವು [H₂][Br₂] ಎಂಬ ಗುಣಲಬ್ಧಕ್ಕೆ ಅನುಪಾತದಲ್ಲಿರಬೇಕು. ಹೈಡ್ರೋಜನ್ ಮತ್ತು ಅಯೋಡೀನ್ ಆವಿಯ ಕ್ರಿಯೆಯನ್ನು ಅಳೆದಾಗ ದೊರೆತುದು ಇಂಥದೇ ಸರಳ ನಿಯಮ. ಅದನ್ನು 19ನೆಯ ಶತಮಾನದ ಕೊನೆಯ ದಶಕದಲ್ಲಿ ಅಳೆದವರು ಜರ್ಮನಿಯ ಮ್ಯಾಕ್ಸ್ ಬೋಡೆನ್‌ಸ್ಟೈನ್. ಅಯೋಡೀನಿನ ನೆರೆಯ ಧಾತುವಾದ ಬ್ರೋಮೀನೂ ಹಾಗೆಯೇ ನಡೆದುಕೊಳ್ಳುವುದೆಂದು ಯಾರಾದರೂ ನಿರೀಕ್ಷಿಸಿದರೆ ಅದರಲ್ಲಿ ತಪ್ಪೇನೂ ಇರಲಿಲ್ಲ.

ಬೋಡೆನ್‌ಸ್ಟೈನ್ ಅವರು ಲೈಪ್‌ಜಿಗ್‌ನಲ್ಲಿದ್ದಾಗ ಅಮೆರಿಕದಿಂದ ಬಂದಿದ್ದ ಯುವಕ ಸ್ಯಾಮ್ಯುಯೆಲ್ ಲಿಂಡ್ ಅವರೊಡನೆ ಈ ಕೆಲಸವನ್ನು ಕೈಗೊಂಡರು. ಸುಮಾರು 200ರಿಂದ 300 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಈ ಎರಡು ಅನಿಲಗಳ ಮಿಶ್ರಣ ಎಷ್ಟು ಕಾಲದಲ್ಲಿ ಎಷ್ಟು ಬದಲಾಯಿತೆಂದು ಅಳೆದು, 1907ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅಂಕಿಗಳು [H₂][Br₂] ಎಂಬ ನಿಯಮಕ್ಕೆ ಹೊಂದಲಿಲ್ಲ. ಹೊಂದಿದ್ದು ಈ ಸೂತ್ರ:

ವೇಗ = k[H₂][Br₂]^½ ÷ (1 + k′[HBr]/[Br₂])

ಇಲ್ಲಿ k′ ಎಂಬುದರ ಬೆಲೆ ಸುಮಾರು 0.1. ತಾಪವನ್ನು ಏರಿಸಿದಾಗ k ಬಹಳ ಹೆಚ್ಚಿತು. k′ ಮಾತ್ರ ಬಹುಮಟ್ಟಿಗೆ ಇದ್ದಲ್ಲಿಯೇ ಉಳಿಯಿತು. ಈ ಕೊನೆಯ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಅದು ಬೇಕಾಗುತ್ತದೆ.

ಸೂತ್ರದಲ್ಲಿ ವಿಚಿತ್ರವಾದುವು ಎರಡು. ಒಂದು, ಬ್ರೋಮೀನಿನ ವರ್ಗಮೂಲ. ಇನ್ನೊಂದು, ಕ್ರಿಯೆಯ ಉತ್ಪನ್ನವೇ ಛೇದದಲ್ಲಿ ಬಂದು ಕುಳಿತಿರುವುದು. ಉತ್ಪನ್ನ ಹೆಚ್ಚಿದಂತೆ ಅದು ತನ್ನದೇ ಉತ್ಪತ್ತಿಯನ್ನು ತಡೆಯುತ್ತದೆ ಎಂದಾಯಿತು. ಸೂತ್ರ ಕೈಗೆ ಬಂದ ಮೇಲೂ ಅದರ ಅರ್ಥ ಹನ್ನೆರಡು ವರ್ಷ ಹೊಳೆಯಲಿಲ್ಲ. 1919–20ರಲ್ಲಿ ಡೆನ್ಮಾರ್ಕಿನ ಕ್ರಿಶ್ಚಿಯನ್ಸನ್, ಆಸ್ಟ್ರಿಯದ ಹರ್ಟ್ಸ್‌ಫೆಲ್ಡ್, ಹಂಗೇರಿಯ ಪೊಲಾನ್ಯಿ ಎಂಬ ಮೂವರು ಒಬ್ಬರನ್ನೊಬ್ಬರು ಅವಲಂಬಿಸದೆ ಒಂದೇ ವಿವರಣೆಗೆ ಬಂದರು. ಅಳತೆ ಮೊದಲು, ವಿವರಣೆ ಆಮೇಲೆ ಎಂಬ ಈ ಅನುಕ್ರಮವನ್ನು ತರಗತಿಯಲ್ಲಿ ತಿರುಗುಮುರುಗು ಮಾಡಬಾರದೆಂಬುದು ನನ್ನ ಅಭಿಪ್ರಾಯ. ಹಂತಗಳನ್ನು ಮೊದಲೇ ಬರೆಸಿ ಸೂತ್ರವನ್ನು ಕೊನೆಗೆ ಹೊರಡಿಸಿದರೆ, ಆ ಹಂತಗಳು ಯಾರಿಗೆ ಏಕೆ ಬೇಕಾದವು ಎಂಬುದೇ ಮಕ್ಕಳಿಗೆ ತಿಳಿಯುವುದಿಲ್ಲ.

ಆ ವಿವರಣೆಯ ಪ್ರಕಾರ ಕ್ರಿಯೆಯನ್ನು ನಡೆಸುವವು ಅಣುಗಳಲ್ಲ, ಬಿಡಿ ಪರಮಾಣುಗಳು. ಹಂತಗಳು ಐದು:

Br₂ → 2Br (k₁)
Br + H₂ → HBr + H (k₂)
H + Br₂ → HBr + Br (k₃)
H + HBr → H₂ + Br (k₄)
2Br → Br₂ (k₅)

ಮೊದಲನೆಯದು ಪ್ರಾರಂಭ ಹಂತ. ಪ್ರಾರಂಭಕ್ಕೆ ಬ್ರೋಮೀನೇ ಏಕೆ ಒಡೆಯಬೇಕು, ಹೈಡ್ರೋಜನ್ ಏಕೆ ಅಲ್ಲ? ಬಂಧ ಶಕ್ತಿಗಳನ್ನು ಹೋಲಿಸಿದರೆ ಉತ್ತರ ದೊರೆಯುತ್ತದೆ. ಒಂದು ಮೋಲ್ Br–Br ಬಂಧವನ್ನು ಮುರಿಯಲು ಸುಮಾರು 193 ಕಿಲೋಜೌಲ್ ಸಾಕು. H–H ಬಂಧಕ್ಕೆ ಸುಮಾರು 436 ಕಿಲೋಜೌಲ್ ಬೇಕು. 250 ಡಿಗ್ರಿಯ ಪಾತ್ರೆಯಲ್ಲಿ ದುರ್ಬಲ ಬಂಧವೇ ಮೊದಲು ಮುರಿಯುತ್ತದೆ, ಅದೂ ಅತ್ಯಲ್ಪ ಪ್ರಮಾಣದಲ್ಲಿ.

ಎರಡನೆಯ ಮತ್ತು ಮೂರನೆಯ ಹಂತಗಳು ಪ್ರಸರಣ ಹಂತಗಳು. ಬ್ರೋಮೀನ್ ಪರಮಾಣು ಹೈಡ್ರೋಜನ್ ಅಣುವಿನಿಂದ ಒಂದು ಪರಮಾಣುವನ್ನು ಕಿತ್ತುಕೊಂಡು HBr ಆಗುತ್ತದೆ. ಒಂಟಿಯಾಗಿ ಉಳಿದ ಹೈಡ್ರೋಜನ್ ಪರಮಾಣು ಬ್ರೋಮೀನ್ ಅಣುವಿನ ಮೇಲೆ ಎರಗಿ ಇನ್ನೊಂದು HBr ಆಗುತ್ತದೆ, ಮತ್ತೆ ಒಂದು ಬ್ರೋಮೀನ್ ಪರಮಾಣು ಒಂಟಿಯಾಗಿ ಉಳಿಯುತ್ತದೆ. ಶಾಲೆಯ ಕ್ರೀಡಾಕೂಟದ ರಿಲೇ ಓಟದಲ್ಲಿ ಕೋಲು ಕೈಯಿಂದ ಕೈಗೆ ಸಾಗುವಂತೆ ಒಂಟಿತನವು ಬ್ರೋಮೀನಿನಿಂದ ಹೈಡ್ರೋಜನ್‌ಗೆ, ಹೈಡ್ರೋಜನ್‌ನಿಂದ ಬ್ರೋಮೀನಿಗೆ ಸಾಗುತ್ತದೆ. ಈ ಎರಡು ಹಂತಗಳನ್ನು ಕೂಡಿಸಿ ನೋಡಿ: ಎರಡೂ ಬದಿಯ Br ಮತ್ತು H ಹೊಡೆದುಹೋಗಿ H₂ + Br₂ → 2HBr ಎಂಬ ನಮ್ಮ ಲೆಕ್ಕಪತ್ರವೇ ಉಳಿಯುತ್ತದೆ. ಒಂದು ಪರಮಾಣು ಖರ್ಚಾದಾಗ ಒಂದೇ ಪರಮಾಣು ಹುಟ್ಟುವುದರಿಂದ ಸರಪಳಿಗೆ ಕವಲುಗಳಿಲ್ಲ. ಹೈಡ್ರೋಜನ್–ಆಕ್ಸಿಜನ್ ಮಿಶ್ರಣದಲ್ಲಿ ಕೆಲವು ಹಂತಗಳು ಒಂದಕ್ಕೆ ಎರಡನ್ನು ಹುಟ್ಟಿಸುವುದರಿಂದ ಸ್ಫೋಟವಾಗುತ್ತದೆ. ಅದು ಬೇರೆಯ ಕಥೆ.

ಈ ಎರಡು ಪ್ರಸರಣ ಹಂತಗಳ ಸ್ವಭಾವ ಒಂದೇ ಅಲ್ಲ. ಎರಡನೆಯ ಹಂತದಲ್ಲಿ 436 ಕಿಲೋಜೌಲಿನ ಬಂಧ ಮುರಿದು 366 ಕಿಲೋಜೌಲಿನ H–Br ಬಂಧ ಕೂಡುತ್ತದೆ; ಅಂದರೆ ಸುಮಾರು 70 ಕಿಲೋಜೌಲ್ ಹೊರಗಿನಿಂದ ಬರಬೇಕು. ಇದು ಏರುಹಾದಿ, ಆದುದರಿಂದ ನಿಧಾನ. ಮೂರನೆಯದರಲ್ಲಿ 193 ಮುರಿದು 366 ಕೂಡುತ್ತದೆ. ಸುಮಾರು 173 ಕಿಲೋಜೌಲ್ ಬಿಡುಗಡೆಯಾಗುತ್ತದೆ. ಇದು ಇಳಿಜಾರು, ಬಲು ಬೇಗ ನಡೆಯುತ್ತದೆ. ಹೀಗಾಗಿ ಹೈಡ್ರೋಜನ್ ಪರಮಾಣು ಹುಟ್ಟುವುದು ಅಪರೂಪ, ಹುಟ್ಟಿದೊಡನೆ ಖರ್ಚಾಗುವುದು ನಿಶ್ಚಿತ. ಪಾತ್ರೆಯಲ್ಲಿ ಯಾವ ಕ್ಷಣದಲ್ಲಿಯೂ ಬ್ರೋಮೀನ್ ಪರಮಾಣುಗಳಿಗಿಂತ ಹೈಡ್ರೋಜನ್ ಪರಮಾಣುಗಳು ತೀರ ಕಡಿಮೆ. ಸಮಾಪ್ತಿ ಹಂತವಾಗಿ ಎರಡು ಬ್ರೋಮೀನ್ ಪರಮಾಣುಗಳ ಕೂಡುವಿಕೆಯನ್ನು ಮಾತ್ರ ಬರೆದು, H ಮತ್ತು H, H ಮತ್ತು Br ಕೂಡುವುದನ್ನು ಬಿಟ್ಟಿರುವುದಕ್ಕೆ ಕಾರಣ ಇದೇ: ಅಷ್ಟು ವಿರಳವಾದ ಹೈಡ್ರೋಜನ್ ಪರಮಾಣುವಿಗೆ ಇನ್ನೊಂದು ಪರಮಾಣು ಎದುರಾಗುವ ಮೊದಲು ಅಸಂಖ್ಯ ಅಣುಗಳು ಎದುರಾಗಿರುತ್ತವೆ.

ಈಗ ನಾಲ್ಕನೆಯ ಹಂತ. ಇದನ್ನು ಪ್ರತಿಬಂಧ ಹಂತ ಎನ್ನುತ್ತಾರೆ. ಶಿಕ್ಷಕರಲ್ಲಿಯೂ ಹೆಚ್ಚು ಗೊಂದಲವಾಗುವುದು ಇಲ್ಲಿಯೇ. ಹೈಡ್ರೋಜನ್ ಪರಮಾಣುವಿಗೆ ಬ್ರೋಮೀನ್ ಅಣುವಿನ ಬದಲು ಈಗಾಗಲೇ ಆಗಿರುವ HBr ಎದುರಾದರೆ, ಅದರಿಂದ ಹೈಡ್ರೋಜನನ್ನು ಕಿತ್ತುಕೊಂಡು H₂ ಆಗಿಬಿಡುತ್ತದೆ. ಇದು ಎರಡನೆಯ ಹಂತದ ಹಿಮ್ಮುಖ ನಡೆ. ಇಲ್ಲಿ ಸರಪಳಿ ತುಂಡಾಗಲಿಲ್ಲ ಎಂಬುದನ್ನು ಗಮನಿಸಬೇಕು. ಒಂದು ಬ್ರೋಮೀನ್ ಪರಮಾಣು ಹೊರಬಂದಿದೆ, ಕೋಲು ಇನ್ನೂ ಕೈಯಲ್ಲಿದೆ. ಓಟಗಾರನು ಕೋಲನ್ನು ಕೆಳಗೆ ಹಾಕಿದರೆ ಅದು ಸಮಾಪ್ತಿ. ಕೋಲನ್ನು ಹಿಡಿದೇ ಬಂದ ದಾರಿಯಲ್ಲಿ ಒಂದು ಸುತ್ತು ಹಿಂದಕ್ಕೆ ಓಡಿದರೆ ಅದು ಪ್ರತಿಬಂಧ. ಸರಪಳಿಯ ವಾಹಕಗಳ ಸಂಖ್ಯೆ ಕುಗ್ಗಲಿಲ್ಲ, ಆದರೆ ಗಳಿಸಿದ ಒಂದು HBr ಕಳೆದುಹೋಯಿತು. “ಪ್ರತಿಬಂಧ ಎಂದರೆ ಸರಪಳಿ ನಿಲ್ಲುವುದು” ಎಂದು ಉತ್ತರಪತ್ರಿಕೆಯಲ್ಲಿ ಬರೆದಿದ್ದರೆ ಅದನ್ನು ತಿದ್ದಬೇಕು.

Br + HBr → Br₂ + H ಎಂಬ ಇನ್ನೊಂದು ಹಿಮ್ಮುಖ ನಡೆಯನ್ನು ಏಕೆ ಬರೆಯಲಿಲ್ಲ ಎಂದು ಚುರುಕಾದ ವಿದ್ಯಾರ್ಥಿ ಕೇಳಬಹುದು. ಅದು ಮೂರನೆಯ ಹಂತದ ವಿಲೋಮ. ಕೆಳಗಿಳಿದ 173 ಕಿಲೋಜೌಲನ್ನು ಮತ್ತೆ ಏರಬೇಕು. ಈ ತಾಪದಲ್ಲಿ ಅದು ಲೆಕ್ಕಕ್ಕೆ ಸಿಗದಷ್ಟು ನಿಧಾನ. ನಾಲ್ಕನೆಯ ಹಂತವಾದರೋ 70 ಕಿಲೋಜೌಲ್ ಇಳಿಜಾರು.

ಇನ್ನು ಗಣಿತ. ಬಿಡಿ ಪರಮಾಣುಗಳು ಹುಟ್ಟುವ ವೇಗವೂ ಖರ್ಚಾಗುವ ವೇಗವೂ ಬಹುಬೇಗ ಸಮನಾಗುತ್ತವೆ. ಇದನ್ನು ಸ್ಥಿರಸ್ಥಿತಿ ಎನ್ನುತ್ತಾರೆ. ತೊಟ್ಟಿಗೆ ಬೀಳುವ ನೀರೂ ತೂತಿನಿಂದ ಹೊರಹೋಗುವ ನೀರೂ ಸಮನಾದಾಗ ಮಟ್ಟ ಏರದೆ ಇಳಿಯದೆ ನಿಲ್ಲುವ ಹಾಗೆ. ಹೈಡ್ರೋಜನ್ ಪರಮಾಣುವಿಗೆ ಈ ಲೆಕ್ಕವನ್ನು ಬರೆದರೆ:

k₂[Br][H₂] = k₃[H][Br₂] + k₄[H][HBr] … (ಅ)

ಬ್ರೋಮೀನ್ ಪರಮಾಣುವಿಗೆ ಬರೆದರೆ:

2k₁[Br₂] + k₃[H][Br₂] + k₄[H][HBr] = k₂[Br][H₂] + 2k₅[Br]² … (ಆ)

(ಅ) ಸಮೀಕರಣವನ್ನು (ಆ)ದಲ್ಲಿ ಬಳಸಿದರೆ ನಡುವಿನ ಮೂರೂ ಪದಗಳು ಹೊಡೆದುಹೋಗುತ್ತವೆ. ಪ್ರಸರಣವೂ ಪ್ರತಿಬಂಧವೂ ವಾಹಕಗಳ ಒಟ್ಟು ಸಂಖ್ಯೆಯನ್ನು ಬದಲಿಸುವುದಿಲ್ಲ ಎಂದು ಮೇಲೆ ಮಾತಿನಲ್ಲಿ ಹೇಳಿದ್ದನ್ನೇ ಬೀಜಗಣಿತ ಇಲ್ಲಿ ಹೇಳುತ್ತಿದೆ. ಉಳಿಯುವುದು k₁[Br₂] = k₅[Br]² ಮಾತ್ರ. ಆದುದರಿಂದ

[Br] = (k₁/k₅)^½ [Br₂]^½

ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಅರ್ಧ ಅಣು ಎಲ್ಲಿಯೂ ಇಲ್ಲ. ಒಂದು ಅಣು ಒಡೆದು ಎರಡು ಪರಮಾಣುಗಳಾಗುತ್ತದೆ. ಅವು ಮತ್ತೆ ಕೂಡಲು ಎರಡು ಪರಮಾಣುಗಳು ಭೇಟಿಯಾಗಬೇಕಾದುದರಿಂದ ಕೂಡುವ ವೇಗದಲ್ಲಿ ವರ್ಗ ಬರುತ್ತದೆ. ಆ ವರ್ಗವನ್ನು ಬಿಡಿಸಿದಾಗ ಮೂಲ ಬರುತ್ತದೆ. ಬ್ರೋಮೀನ್ ಅಣುಗಳನ್ನು ನಾಲ್ಕು ಪಟ್ಟು ಮಾಡಿದರೆ ಬಿಡಿ ಪರಮಾಣುಗಳು ಎರಡು ಪಟ್ಟು ಮಾತ್ರ ಆಗುತ್ತವೆ.

(ಅ)ದಿಂದ ಹೈಡ್ರೋಜನ್ ಪರಮಾಣುವಿನ ಸಾರತೆ ದೊರೆಯುತ್ತದೆ:

[H] = k₂[Br][H₂] ÷ (k₃[Br₂] + k₄[HBr])

HBr ಉತ್ಪತ್ತಿಯಾಗುವ ವೇಗಕ್ಕೆ ಎರಡನೆಯ, ಮೂರನೆಯ ಹಂತಗಳನ್ನು ಕೂಡಿಸಿ ನಾಲ್ಕನೆಯದನ್ನು ಕಳೆಯಬೇಕು: k₂[Br][H₂] + k₃[H][Br₂] − k₄[H][HBr]. ಇಲ್ಲಿಯೂ (ಅ)ವನ್ನು ಬಳಸಿದರೆ ಇದು 2k₃[H][Br₂] ಎಂದು ಕುಗ್ಗುತ್ತದೆ. [H] ಮತ್ತು [Br]ಗಳ ಬೆಲೆಗಳನ್ನಿಟ್ಟು, ಅಂಶ ಛೇದಗಳೆರಡನ್ನೂ k₃[Br₂]ರಿಂದ ಭಾಗಿಸಿದರೆ:

ವೇಗ = 2k₂(k₁/k₅)^½ [H₂][Br₂]^½ ÷ (1 + (k₄/k₃)[HBr]/[Br₂])

ಇದು 1907ರ ಸೂತ್ರವೇ. ಅಳತೆಯ k ಎಂಬುದು 2k₂(k₁/k₅)^½. ಅಳತೆಯ k′ ಎಂಬುದು k₄/k₃. ಇಲ್ಲಿ ವಿದ್ಯಾರ್ಥಿಗಳು ಮಾಡುವ ಸಾಮಾನ್ಯ ತಪ್ಪು ನಾಲ್ಕನೆಯ ಹಂತವನ್ನು ಕಳೆಯಲು ಮರೆಯುವುದು. ಮರೆತರೆ ಅಂಶದಲ್ಲಿಯೂ [HBr] ಬಂದುಬಿಡುತ್ತದೆ. ಅದು ಕಂಡರೆ ಹಿಂದಿರುಗಿ ನೋಡಬೇಕು.

k′ ತಾಪಕ್ಕೆ ಏಕೆ ಜಗ್ಗಲಿಲ್ಲ ಎಂಬುದೂ ಈಗ ಸ್ಪಷ್ಟ. ಅದು ಮೂರನೆಯ, ನಾಲ್ಕನೆಯ ಹಂತಗಳ ನಡುವಿನ ಸ್ಪರ್ಧೆ. ಹೈಡ್ರೋಜನ್ ಪರಮಾಣುವಿಗೆ ಎರಡೂ ಇಳಿಜಾರುಗಳೇ. ಎರಡಕ್ಕೂ ಬೇಕಾದ ಸಕ್ರಿಯಣ ಶಕ್ತಿ ಅಲ್ಪ. ತಾಪ ಏರಿದರೆ ಎರಡೂ ಸ್ವಲ್ಪ ಸ್ವಲ್ಪ ಹೆಚ್ಚುತ್ತವೆ, ಅನುಪಾತ ಹಾಗೆಯೇ ಉಳಿಯುತ್ತದೆ. 0.1 ಎಂದರೆ, ಸಮಾನ ಸಾರತೆಯಲ್ಲಿ ಇವೆರಡಿದ್ದಾಗ ಹೈಡ್ರೋಜನ್ ಪರಮಾಣು HBr ಅಣುವಿನೊಡನೆ ಒಮ್ಮೆ ಕ್ರಿಯೆ ನಡೆಸುವಷ್ಟರಲ್ಲಿ ಬ್ರೋಮೀನಿನೊಡನೆ ಸುಮಾರು ಹತ್ತು ಬಾರಿ ನಡೆಸುತ್ತದೆ. k ಮಾತ್ರ ತಾಪಕ್ಕೆ ಜೋರಾಗಿ ಬಗ್ಗುತ್ತದೆ, ಏಕೆಂದರೆ ಅದರೊಳಗೆ ಬ್ರೋಮೀನ್ ಬಂಧದ ಅರ್ಧ ಶಕ್ತಿ, ಅಂದರೆ ಸುಮಾರು 96 ಕಿಲೋಜೌಲ್, ಮತ್ತು ಎರಡನೆಯ ಹಂತದ ಏರು, ಅಂದರೆ ಕನಿಷ್ಠ 70 ಕಿಲೋಜೌಲ್, ಎರಡೂ ಅಡಗಿವೆ. ಕೂಡಿದರೆ 166ಕ್ಕಿಂತ ಕಡಿಮೆಯಾಗುವಂತಿಲ್ಲ. ಅಳತೆಯಿಂದ ದೊರೆತುದು ಸುಮಾರು 170. ವರ್ಗಮೂಲವು ಬಂಧ ಶಕ್ತಿಯನ್ನೂ ಅರ್ಧ ಮಾಡಿತು ಎಂಬುದನ್ನು ಗಮನಿಸಿ.

ಒಂದು ಲೆಕ್ಕವನ್ನು ಪೂರ್ತಿಯಾಗಿ ಮಾಡೋಣ. ಪ್ರಾರಂಭದಲ್ಲಿ [H₂] = [Br₂] = 0.010, HBr ಇಲ್ಲ; k′ = 0.1. k ಯ ಬೆಲೆ ನಮಗೆ ಬೇಡ, ವೇಗವನ್ನು k ಯ ಪಟ್ಟುಗಳಲ್ಲಿ ಬರೆಯೋಣ. ಆರಂಭದ ವೇಗ 0.010 × √0.010 = 0.010 × 0.1 = 0.0010. ಅರ್ಧ ಬ್ರೋಮೀನ್ ಮುಗಿದಾಗ [H₂] = [Br₂] = 0.005; ಪ್ರತಿಯೊಂದು ಅಣುವಿಗೆ ಎರಡು HBr ಆಗುವುದರಿಂದ [HBr] = 0.010. ಅಂಶ 0.005 × 0.0707 = 0.000354, ಛೇದ 1 + 0.1 × 2 = 1.2, ವೇಗ 0.000295. ಅಂದರೆ ಆರಂಭದ ವೇಗದ ಶೇಕಡಾ 29.5. ಪ್ರತಿಬಂಧ ಇಲ್ಲದಿದ್ದರೆ ಶೇಕಡಾ 35.4 ಇರುತ್ತಿತ್ತು. ಇಷ್ಟು ವ್ಯತ್ಯಾಸ ಅಳತೆಯ ದೋಷದಲ್ಲಿ ಮರೆಯಾಗಿ ಹೋಗಬಹುದು. ಆದರೆ ಹತ್ತರಲ್ಲಿ ಒಂಬತ್ತು ಪಾಲು ಮುಗಿದಾಗ ನೋಡಿ: [H₂] = [Br₂] = 0.001, [HBr] = 0.018. ಅಂಶ 0.001 × 0.0316 = 0.0000316, ಛೇದ 1 + 0.1 × 18 = 2.8, ವೇಗ 0.0000113. ಪ್ರತಿಬಂಧದಿಂದಾಗಿ ವೇಗ ಮೂರನೆಯ ಒಂದು ಪಾಲಿಗೆ ಹತ್ತಿರ ಬಂದಿದೆ. ಆರಂಭದ ವೇಗಗಳನ್ನಷ್ಟೇ ಅಳೆದವನಿಗೆ ಛೇದವು ಕಾಣುವುದೇ ಇಲ್ಲ. ಅವನು ಹೈಡ್ರೋಜನ್‌ಗೆ ಒಂದು, ಬ್ರೋಮೀನಿಗೆ ಅರ್ಧ, ಒಟ್ಟು ಆರ್ಡರ್ ಒಂದೂವರೆ ಎಂದು ಬರೆದು ಮುಗಿಸುತ್ತಾನೆ. ಕ್ರಿಯೆಯ ಕೊನೆಯ ಭಾಗವನ್ನು ಅಳೆದವನಿಗೆ ಆ ಅಂಕಿ ಹೊಂದುವುದಿಲ್ಲ. HBr ಅತಿ ಹೆಚ್ಚಾಗಿದ್ದು ಛೇದದ 1 ಗಣನೆಗೆ ಬಾರದಂತಾದರೆ ಬ್ರೋಮೀನಿನ ಘಾತ ಒಂದೂವರೆಯಾಗುತ್ತದೆ, HBr ನ ಘಾತ ಋಣ ಒಂದಾಗುತ್ತದೆ. ಈ ಎರಡು ತುದಿಗಳ ನಡುವೆ ಒಟ್ಟು ಆರ್ಡರ್ ಎಂಬ ಒಂದೇ ಅಂಕಿಯನ್ನು ಈ ಕ್ರಿಯೆಗೆ ಕೊಡಲಾಗದು. ವಸ್ತುನಿಷ್ಠ ಪ್ರಶ್ನೆಗಳಲ್ಲಿ ‘1.5’ ಎಂದು ಉತ್ತರ ಕೊಟ್ಟಿದ್ದರೆ ‘ಆರಂಭದಲ್ಲಿ’ ಎಂಬ ಮಾತನ್ನು ಸೇರಿಸಿ ಓದಿಕೊಳ್ಳಬೇಕು.

ಉತ್ಪನ್ನವೇ ತಡೆಯುತ್ತಿದೆ ಎಂಬುದಕ್ಕೆ ನೇರ ಪರೀಕ್ಷೆ, ಮೊದಲೇ HBr ಬೆರೆಸಿ ಆರಂಭಿಸುವುದು. ಬ್ರೋಮೀನಿನ ಹತ್ತು ಪಟ್ಟು HBr ಬೆರೆಸಿದರೆ ಛೇದ 1 + 0.1 × 10 = 2; ಆರಂಭದ ವೇಗವೇ ಅರ್ಧಕ್ಕೆ ಇಳಿಯುತ್ತದೆ.

ಅಂಕಿಗಳ ಪಟ್ಟಿಯಿಂದ k′ ವನ್ನು ಕಂಡುಹಿಡಿಯಲು ಒಂದು ಸುಲಭ ಆಲೇಖವಿದೆ. ಲಂಬಾಕ್ಷದಲ್ಲಿ [H₂][Br₂]^½ ÷ ವೇಗ, ಅಡ್ಡಾಕ್ಷದಲ್ಲಿ [HBr]/[Br₂] ಗುರುತಿಸಬೇಕು. ಸೂತ್ರ ಸರಿಯಿದ್ದರೆ ಸರಳರೇಖೆ ಬರಬೇಕು. ಮೇಲಿನ ಲೆಕ್ಕದ ಮೂರು ಬಿಂದುಗಳು, k ಯನ್ನು 1 ಎಂದಿಟ್ಟರೆ, (0, 1), (2, 1.2), (18, 2.8). ರೇಖೆಯ ಇಳಿಜಾರನ್ನು ಅದು ಲಂಬಾಕ್ಷವನ್ನು ಕಡಿಯುವ ಬೆಲೆಯಿಂದ ಭಾಗಿಸಿದರೆ 0.1 ದೊರೆಯುತ್ತದೆ. ಬೀಜಗಣಿತದ ರೇಖಾತ್ಮಕ ಸಮೀಕರಣ ಬಲ್ಲ ಹತ್ತನೆಯ ತರಗತಿಯ ಮಕ್ಕಳೂ ಆಲೇಖ ಕಾಗದದ ಮೇಲೆ ಇದನ್ನು ಮಾಡಬಲ್ಲರು. ಬ್ರೋಮೀನನ್ನು ಮಾತ್ರ ತರಗತಿಗೆ ತರಬೇಡಿ. ಅದರ ಆವಿ ಶ್ವಾಸನಾಳವನ್ನೂ, ದ್ರವ ಚರ್ಮವನ್ನೂ ಸುಡುತ್ತದೆ.

ಅಂದು ಸಭೆಯ ಕೊನೆಯಲ್ಲಿ ಬಂದ ಇನ್ನೊಂದು ಪ್ರಶ್ನೆಯನ್ನು ಇಲ್ಲಿ ಬಿಡಲಾರೆ. “ಪಾತ್ರೆಯೊಳಗ ನೈಟ್ರೋಜನ್ ತುಂಬಿ ಒತ್ತಡ ಹೆಚ್ಚ ಮಾಡಿದ್ರ ವೇಗ ಬದಲಾಗತದೇನ್ರಿ?” ಎಂದು ಒಬ್ಬರು ಕೇಳಿದರು. ಬ್ರೋಮೀನ್ ಅಣು ತಾನೇ ತಾನಾಗಿ ಒಡೆಯುವುದಿಲ್ಲ. ಇನ್ನೊಂದು ಅಣು ಬಡಿದು ಶಕ್ತಿ ಕೊಡಬೇಕು. ಎರಡು ಬ್ರೋಮೀನ್ ಪರಮಾಣುಗಳು ಕೂಡುವಾಗಲೂ ಹೆಚ್ಚಿನ ಶಕ್ತಿಯನ್ನು ಹೊತ್ತೊಯ್ಯಲು ಮೂರನೆಯದೊಂದು ಅಣು ಬೇಕು, ಇಲ್ಲದಿದ್ದರೆ ಕೂಡಿದವು ಮತ್ತೆ ಬಿಡಿಸಿಕೊಳ್ಳುತ್ತವೆ. ನೈಟ್ರೋಜನ್ ಎರಡನ್ನೂ ಸಮನಾಗಿ ಹೆಚ್ಚಿಸುವುದರಿಂದ k₁/k₅ ಎಂಬ ಅನುಪಾತ ಬದಲಾಗದು. ಬಿಸಿಯಿಂದ ನಡೆಯುವ ಕ್ರಿಯೆಯ ವೇಗವೂ ಬದಲಾಗದು. ಆದರೆ ಬಿಸಿಯ ಬದಲು ಬೆಳಕಿನಿಂದ ಸರಪಳಿಯನ್ನು ಆರಂಭಿಸಿದರೆ ಮಾತು ಬೇರೆ. ಆಗ ಬ್ರೋಮೀನನ್ನು ಒಡೆಯುವುದು ಬೆಳಕು, ಅದಕ್ಕೆ ನೈಟ್ರೋಜನ್ನಿನ ನೆರವು ಬೇಡ. ಕೂಡಿಸುವುದಕ್ಕೆ ಮಾತ್ರ ಬೇಕು. ಆದುದರಿಂದ ನೈಟ್ರೋಜನ್ ತುಂಬಿದಷ್ಟೂ ಬಿಡಿ ಪರಮಾಣುಗಳು ಬೇಗ ಕೂಡಿ ಕ್ರಿಯೆ ನಿಧಾನವಾಗುತ್ತದೆ, ವೇಗವು ಒಟ್ಟು ಒತ್ತಡದ ವರ್ಗಮೂಲಕ್ಕೆ ವಿಲೋಮವಾಗಿ ಇಳಿಯುತ್ತದೆ. ಹೀರಲ್ಪಟ್ಟ ಬೆಳಕನ್ನು ನಾಲ್ಕು ಪಟ್ಟು ಮಾಡಿದರೆ ವೇಗ ಎರಡು ಪಟ್ಟು ಮಾತ್ರ ಏರುತ್ತದೆ.